ವಾರಕ್ಕೆ ಇಪ್ಪತ್ತು ಗಂಟೆ: ಬ್ರಿಟನ್‌ನಲ್ಲಿ ಓದುವ ಮಕ್ಕಳ ಅರೆಕಾಲಿಕ ದುಡಿಮೆಯ ಲೆಕ್ಕ



ವಿದೇಶದಲ್ಲಿ ಓದಲು ನೆರವು ಕೇಳುವ ಅರ್ಜಿಯಲ್ಲಿ ಖರ್ಚಿನ ಪಟ್ಟಿ ಇರುತ್ತದೆ. ಆ ಪಟ್ಟಿಯಲ್ಲಿ ಕೊರತೆ ಬಿದ್ದ ಮೊತ್ತದ ಎದುರಿಗೆ "ಅಲ್ಲಿ ಪಾರ್ಟ್ ಟೈಮ್ ದುಡಿದು ತುಂಬಿಕೊಳ್ಳುತ್ತೇನೆ" ಎಂದು ಬರೆಯುವುದು ಸುಲಭ. ಚಿಕ್ಕೇರೂರು, ಹಿರೇಕೆರೂರು, ಹಾನಗಲ್ಲ ಕಡೆಯ ಮನೆಗಳಲ್ಲಿ ಹೊಲದ ಮೇಲೆ ಸಾಲ ತೆಗೆದೋ, ತಾಯಿಯ ಬಂಗಾರ ಅಡವಿಟ್ಟೋ ಮಗನನ್ನು ಅಥವಾ ಮಗಳನ್ನು ಕಳುಹಿಸುವಾಗ, ಈ ಒಂದು ಸಾಲಿನ ಮೇಲೆ ಇಡೀ ಲೆಕ್ಕ ನಿಂತಿರುತ್ತದೆ. ಆ ಸಾಲು ಎಷ್ಟು ಭಾರ ಹೊರಬಲ್ಲದು ಎಂಬುದನ್ನು ಈ ವರ್ಷದ ವರದಿಯಲ್ಲಿ ವಿವರಿಸುತ್ತಿದ್ದೇವೆ.

ದೇಶ ದೇಶಕ್ಕೆ ನಿಯಮ ಬೇರೆ. ಆಸ್ಟ್ರೇಲಿಯಾದಲ್ಲಿ ಎರಡು ವಾರಕ್ಕೆ 48 ಗಂಟೆ, ಕೆನಡಾದಲ್ಲಿ ಕ್ಯಾಂಪಸ್ಸಿನ ಹೊರಗೆ ವಾರಕ್ಕೆ 24 ಗಂಟೆ, ಜರ್ಮನಿಯಲ್ಲಿ ವರ್ಷಕ್ಕೆ 140 ಪೂರ್ಣ ದಿನ. ಎಲ್ಲವನ್ನೂ ಇಲ್ಲಿ ಹೇಳಲು ಹೋಗುವುದಿಲ್ಲ. ಒಂದು ವರ್ಷದ ಸ್ನಾತಕೋತ್ತರ ಪದವಿಗೆಂದು ಬ್ರಿಟನ್‌ಗೆ ಹೋಗುವ ವಿದ್ಯಾರ್ಥಿಯ ಸಂಗತಿಯೊಂದನ್ನೇ ಪೂರ್ತಿಯಾಗಿ ನೋಡೋಣ.

ದುಡಿಮೆಯಿಂದ ಬರುವುದೆಷ್ಟು?

ಬ್ರಿಟನ್‌ನ ವಿಶ್ವವಿದ್ಯಾಲಯದಲ್ಲಿ ಪದವಿ ಅಥವಾ ಅದಕ್ಕಿಂತ ಮೇಲಿನ ತರಗತಿಯಲ್ಲಿ ಪೂರ್ಣಾವಧಿ ಓದುವ ವಿದ್ಯಾರ್ಥಿಗೆ ಟರ್ಮ್ ನಡೆಯುವ ಅವಧಿಯಲ್ಲಿ ವಾರಕ್ಕೆ ಹೆಚ್ಚೆಂದರೆ 20 ಗಂಟೆ ದುಡಿಯಲು ಸಾಮಾನ್ಯವಾಗಿ ಅನುಮತಿ ಇರುತ್ತದೆ. ಪದವಿಗಿಂತ ಕೆಳಗಿನ ಕೋರ್ಸಿಗೆ ಇದು 10 ಗಂಟೆ. ಯಾರಿಗೆ ಎಷ್ಟು ಎಂಬುದು ಅವರವರ ವೀಸಾದ ಷರತ್ತಿನಲ್ಲೇ ಬರೆದಿರುತ್ತದೆ. ಮೊದಲು ಓದಬೇಕಾದದ್ದು ಅದನ್ನೇ.

2026ರ ಏಪ್ರಿಲ್ 1ರಿಂದ ಅಲ್ಲಿ 21 ವರ್ಷ ತುಂಬಿದವರಿಗೆ ಕನಿಷ್ಠ ಕೂಲಿ ಗಂಟೆಗೆ 12.71 ಪೌಂಡ್. 18ರಿಂದ 20 ವರ್ಷದವರಿಗೆ 10.85 ಪೌಂಡ್. ನಮ್ಮ ಲೆಕ್ಕಕ್ಕೆ ಪೌಂಡಿಗೆ 120 ರೂಪಾಯಿ ಎಂದು ಹಿಡಿಯೋಣ. ಗಂಟೆಗೆ ಸಾವಿರದೈನೂರು ರೂಪಾಯಿ ಎಂದರೆ ಇಲ್ಲಿ ಕುಳಿತು ಕೇಳುವವರಿಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಆದರೆ ಅಲ್ಲಿಯ ಗಳಿಕೆಯನ್ನು ಅಲ್ಲಿಯ ಖರ್ಚಿನ ಪಕ್ಕದಲ್ಲೇ ಇಟ್ಟು ನೋಡಬೇಕು.

ಖರ್ಚಿಗೆ ಬ್ರಿಟನ್ ಸರಕಾರದ್ದೇ ಒಂದು ಅಳತೆ ಇದೆ. ವೀಸಾ ಕೊಡುವಾಗ, ಲಂಡನ್ನಿನ ಹೊರಗೆ ಓದುವ ವಿದ್ಯಾರ್ಥಿ ತಿಂಗಳಿಗೆ 1,171 ಪೌಂಡ್‌ನಂತೆ, ಲಂಡನ್ನಿನಲ್ಲಿ ಓದುವವರು 1,529 ಪೌಂಡ್‌ನಂತೆ, ಒಂಬತ್ತು ತಿಂಗಳವರೆಗಿನ ಜೀವನ ವೆಚ್ಚವನ್ನು ಬ್ಯಾಂಕಿನಲ್ಲಿ ತೋರಿಸಬೇಕು ಎಂದು ಅದು ಕೇಳುತ್ತದೆ. ಇದು 2025ರ ನವೆಂಬರ್‌ನಿಂದ ಜಾರಿಯಲ್ಲಿರುವ ಮೊತ್ತ. ಲಂಡನ್ನಿನ ಹೊರಗಿನ ದರದಲ್ಲಿ ಹನ್ನೆರಡು ತಿಂಗಳಿಗೆ 14,052 ಪೌಂಡ್ ಆಗುತ್ತದೆ, ಅಂದರೆ ಸುಮಾರು 16 ಲಕ್ಷ 86 ಸಾವಿರ ರೂಪಾಯಿ.

ಈಗ ಗಳಿಕೆ. ಒಬ್ಬ ವಿದ್ಯಾರ್ಥಿ ವರ್ಷದ 52 ವಾರವೂ ಒಂದು ವಾರ ತಪ್ಪದೆ ಕನಿಷ್ಠ ಕೂಲಿಯಲ್ಲಿ 20 ಗಂಟೆ ದುಡಿದ ಎಂದುಕೊಳ್ಳೋಣ. ಬರುವುದು 13,218 ಪೌಂಡ್. ಸರಕಾರ ಹೇಳುವ ಊಟ, ಬಾಡಿಗೆ, ಓಡಾಟದ ಖರ್ಚಿಗೇ ಅದು ಸಾಲದು. ಕಾಲೇಜಿನ ಶುಲ್ಕದ ಮಾತು ಇನ್ನೂ ಬಂದೇ ಇಲ್ಲ.

52 ವಾರ ದುಡಿಯುವುದೂ ಆಗದ ಮಾತು. ಸೆಪ್ಟೆಂಬರಿನಲ್ಲಿ ಹೋದವರಿಗೆ ಕೆಲಸ ಸಿಗಲು ವಾರಗಳೇ ಹಿಡಿಯುತ್ತವೆ. ಪರೀಕ್ಷೆಯ ವಾರಗಳಲ್ಲಿ ಕೆಲಸ ಬಿಡಬೇಕಾಗುತ್ತದೆ. ಸಿಕ್ಕ ಕೆಲಸದಲ್ಲೂ ವಾರಕ್ಕೆ 20 ಗಂಟೆ ಕೊಡುವ ಮಾಲೀಕರು ಎಲ್ಲ ಕಡೆ ಇಲ್ಲ. ಆದ್ದರಿಂದ 30 ವಾರ, ವಾರಕ್ಕೆ 14 ಗಂಟೆ ಎಂದು ಹಿಡಿಯುವುದು ಹೆಚ್ಚು ನಂಬಬಹುದಾದ ಲೆಕ್ಕ. ವಾರಕ್ಕೆ 177.94 ಪೌಂಡ್‌ನಂತೆ ವರ್ಷಕ್ಕೆ 5,338 ಪೌಂಡ್. ರಜೆಯ ಹಣವನ್ನೂ ಸೇರಿಸಿದರೆ 5,980ರ ಹತ್ತಿರ (ರಜೆಯ ಹಣ ಎಂದರೇನೆಂದು ಮುಂದೆ ಹೇಳುತ್ತೇವೆ). ಜೀವನ ವೆಚ್ಚದ ಹತ್ತು ಪಾಲಿನಲ್ಲಿ ನಾಲ್ಕು ಪಾಲಿಗಿಂತ ತುಸು ಹೆಚ್ಚು ಮಾತ್ರ.

ಹೀಗಾಗಿ ನಮ್ಮ ಸಮಿತಿ ಒಂದು ನಿಯಮವನ್ನು ಇಟ್ಟುಕೊಂಡಿದೆ. ಅರೆಕಾಲಿಕ ದುಡಿಮೆಯನ್ನು ಊಟ ಮತ್ತು ಓಡಾಟದ ಖರ್ಚಿನ ಎದುರು ಬರೆಯಬಹುದು, ಶುಲ್ಕದ ಎದುರು ಬರೆಯುವಂತಿಲ್ಲ. ವೀಸಾ ಅಧಿಕಾರಿಯೂ ಮುಂದೆ ಬರಲಿರುವ ಇಂಥ ಗಳಿಕೆಯನ್ನು ಒಪ್ಪುವುದಿಲ್ಲ. ಮೊದಲ ವರ್ಷದ ಬಾಕಿ ಶುಲ್ಕ ಮತ್ತು ಜೀವನ ವೆಚ್ಚದ ಹಣ ನಗದಾಗಿ ಕೈಯಲ್ಲಿದ್ದರೆ ಅದು 28 ದಿನ ಸತತವಾಗಿ ಖಾತೆಯಲ್ಲಿ ಇದ್ದಿರಬೇಕು. ಒಂದು ದಿನ ಕಡಿಮೆಯಾದರೂ ಅರ್ಜಿ ತಿರಸ್ಕಾರವಾಗಬಹುದು.

ವಾರ ಎಂದರೆ ಸೋಮವಾರದಿಂದ ಭಾನುವಾರ

ಇಪ್ಪತ್ತು ಗಂಟೆಯ ನಿಯಮ ಕೇಳಲು ಸರಳ. ಮುರಿಯಬೇಕೆಂಬ ಉದ್ದೇಶವೇ ಇಲ್ಲದ ವಿದ್ಯಾರ್ಥಿಯೂ ಅದನ್ನು ಮುರಿದುಬಿಡಬಹುದು. ಕಾರಣ ವಾರದ ಎಣಿಕೆ.

ವೀಸಾ ನಿಯಮದಲ್ಲಿ ವಾರ ಎಂದರೆ ಸೋಮವಾರ ಶುರುವಾಗಿ ಭಾನುವಾರ ಮುಗಿಯುವ ಏಳು ದಿನ. ಆದರೆ ಅಂಗಡಿಗಳು, ಗೋದಾಮುಗಳು ಸಂಬಳದ ವಾರವನ್ನು ತಮ್ಮ ಅನುಕೂಲಕ್ಕೆ ತಕ್ಕಂತೆ ಇಟ್ಟುಕೊಂಡಿರುತ್ತವೆ. ಒಂದು ಅಂಗಡಿಯ ವಾರ ಭಾನುವಾರ ಶುರುವಾಗಿ ಶನಿವಾರ ಮುಗಿಯುತ್ತದೆ ಎಂದುಕೊಳ್ಳೋಣ. ಅಲ್ಲಿ ಕೆಲಸ ಮಾಡುವ ಹುಡುಗಿಯ ಎರಡು ವಾರದ ಶಿಫ್ಟ್‌ಗಳು ಹೀಗಿವೆ:

ಮೊದಲ ಸಂಬಳದ ವಾರ: ಮಂಗಳವಾರ 6, ಗುರುವಾರ 6, ಶನಿವಾರ 8. ಒಟ್ಟು 20 ಗಂಟೆ.
ಎರಡನೆಯ ಸಂಬಳದ ವಾರ: ಭಾನುವಾರ 8, ಬುಧವಾರ 6, ಶುಕ್ರವಾರ 6. ಒಟ್ಟು 20 ಗಂಟೆ.

ಸಂಬಳದ ಚೀಟಿ ನೋಡಿದರೆ ಎರಡೂ ವಾರ ಸರಿಯಾಗಿ ಇಪ್ಪತ್ತು. ಈಗ ಸೋಮವಾರದಿಂದ ಎಣಿಸಿ ನೋಡಿ. ಮೊದಲ ವಾರದ ಮಂಗಳ, ಗುರು, ಶನಿವಾರಗಳ ಜೊತೆಗೆ ಮರುದಿನದ ಭಾನುವಾರವೂ ಅದೇ ವಾರಕ್ಕೆ ಸೇರುತ್ತದೆ. ಆರು, ಆರು, ಎಂಟು, ಎಂಟು ಸೇರಿ 28 ಗಂಟೆ. ಎಂಟು ಗಂಟೆ ಮೀರಿತು. ಮುಂದಿನ ಸೋಮವಾರದಿಂದ ಶುರುವಾಗುವ ವಾರದಲ್ಲಿ ಬರೀ 12 ಗಂಟೆ ಆಗಿರಬಹುದು, ಆದರೆ ಎರಡು ವಾರ ಕೂಡಿಸಿ ಸರಾಸರಿ ತೆಗೆಯಲು ನಿಯಮದಲ್ಲಿ ಅವಕಾಶವಿಲ್ಲ. ಪ್ರತಿ ವಾರವೂ ತನ್ನಷ್ಟಕ್ಕೆ ಇಪ್ಪತ್ತರೊಳಗೇ ಇರಬೇಕು.

ಎರಡು ಕಡೆ ದುಡಿಯುವವರಿಗೆ ಈ ಅಪಾಯ ಇನ್ನೂ ಹೆಚ್ಚು. ಎರಡೂ ಕೆಲಸದ ಗಂಟೆ ಸೇರಿ ಇಪ್ಪತ್ತು. ಒಂದು ಕಡೆಯ ಮಾಲೀಕನಿಗೆ ಇನ್ನೊಂದು ಕಡೆಯ ಶಿಫ್ಟ್ ಗೊತ್ತಿರುವುದಿಲ್ಲ. ಸಂಬಳವಿಲ್ಲದೆ ಒಪ್ಪಂದದ ಮೇಲೆ ಮಾಡುವ ಕೆಲಸವೂ ಲೆಕ್ಕಕ್ಕೆ ಬರುತ್ತದೆ. ಊರಿನ ಕಂಪನಿಗೆ ರಾತ್ರಿ ಕೋಣೆಯಲ್ಲಿ ಕುಳಿತು ಕಂಪ್ಯೂಟರಿನಲ್ಲಿ ಮಾಡುವ ಕೆಲಸವನ್ನೂ ಲೆಕ್ಕದ ಹೊರಗೆ ಇಡುವಂತಿಲ್ಲ. ಭಾನುವಾರ ರಾತ್ರಿ ಹತ್ತಕ್ಕೆ ಶುರುವಾಗಿ ಸೋಮವಾರ ಬೆಳಿಗ್ಗೆ ಆರಕ್ಕೆ ಮುಗಿಯುವ ಶಿಫ್ಟ್‌ನಲ್ಲಿ ಎರಡು ಗಂಟೆ ಹಿಂದಿನ ವಾರಕ್ಕೆ, ಆರು ಗಂಟೆ ಮುಂದಿನ ವಾರಕ್ಕೆ ಬೀಳುತ್ತವೆ.

ಇದಕ್ಕೆ ಪರಿಹಾರ ಒಂದು ಸಣ್ಣ ನೋಟ್‌ಬುಕ್. ಸೋಮವಾರದಿಂದ ಭಾನುವಾರದವರೆಗೆ ಏಳು ಮನೆ ಗೆರೆ ಎಳೆದು, ಪ್ರತಿ ದಿನ ಮಾಡಿದ ಗಂಟೆಯನ್ನು ಅಂದೇ ಬರೆಯಬೇಕು. ಮಾಲೀಕ ಹೆಚ್ಚಿನ ಶಿಫ್ಟ್ ಕೇಳಿದಾಗ ಒಪ್ಪುವ ಮುನ್ನ ಆ ಪುಟ ನೋಡಬೇಕು. ನಮ್ಮ ಕಿರಾಣಿ ಅಂಗಡಿಯ ಉದ್ರಿ ಪುಸ್ತಕದಷ್ಟೇ ಸರಳ ಕೆಲಸ ಇದು.

ಬೇಸಿಗೆ ಎಲ್ಲರಿಗೂ ರಜೆಯಲ್ಲ

ಟರ್ಮ್ ಇಲ್ಲದ ಅಧಿಕೃತ ರಜೆಯಲ್ಲಿ ಪೂರ್ಣಾವಧಿ ದುಡಿಯಬಹುದು. ಇಲ್ಲಿ ಒಂದು ದೊಡ್ಡ ತಪ್ಪು ತಿಳಿವಳಿಕೆ ಇದೆ. ಮೂರು ವರ್ಷದ ಪದವಿ ಓದುವವರಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಿಜವಾಗಿಯೂ ರಜೆ. ಒಂದು ವರ್ಷದ ಸ್ನಾತಕೋತ್ತರ ವಿದ್ಯಾರ್ಥಿಗೆ ಆ ತಿಂಗಳುಗಳು ಸಾಮಾನ್ಯವಾಗಿ ರಜೆಯಲ್ಲ. ತರಗತಿ ಇರುವುದಿಲ್ಲ ನಿಜ, ಆದರೆ ಅದು ಅಂತಿಮ ಪ್ರಬಂಧ ಬರೆಯುವ ಅವಧಿ, ಆದ್ದರಿಂದ ಟರ್ಮ್ ಎಂದೇ ಲೆಕ್ಕ. ಜೊತೆಯಲ್ಲಿ ಬಾಡಿಗೆಗಿರುವ ಪದವಿ ವಿದ್ಯಾರ್ಥಿ ಜುಲೈನಲ್ಲಿ ವಾರಕ್ಕೆ 40 ಗಂಟೆ ದುಡಿದರೆ ಅದು ಕಾನೂನುಬದ್ಧ. ಅದೇ ಕೋಣೆಯ ಸ್ನಾತಕೋತ್ತರ ವಿದ್ಯಾರ್ಥಿ 40 ಗಂಟೆ ದುಡಿದರೆ ವೀಸಾ ಷರತ್ತಿನ ಉಲ್ಲಂಘನೆ. ಗೆಳೆಯನ ಮಾತು ಇಲ್ಲಿ ನಡೆಯುವುದಿಲ್ಲ. ತನ್ನ ಕೋರ್ಸಿನ ಟರ್ಮ್ ದಿನಾಂಕಗಳನ್ನು ವಿಶ್ವವಿದ್ಯಾಲಯದಿಂದ ಬರಹದಲ್ಲಿ ಪಡೆದು ಇಟ್ಟುಕೊಳ್ಳಬೇಕು. ಕೆಲಸ ಕೊಡುವವರೂ ಅದನ್ನು ಕೇಳುತ್ತಾರೆ.

ಮೀರಿದರೆ ಏನಾಗುತ್ತದೆ? ಅಲ್ಲಿ ಪ್ರತಿ ಸಂಬಳವನ್ನೂ ಕೊಡುವ ದಿನವೇ ಅಥವಾ ಅದಕ್ಕೂ ಮೊದಲು ತೆರಿಗೆ ಇಲಾಖೆಗೆ ವರದಿ ಮಾಡಬೇಕು, ಹಾಗಾಗಿ ಗಳಿಕೆಯ ದಾಖಲೆ ಉಳಿಯುತ್ತದೆ. ವೀಸಾ ರದ್ದಾಗಬಹುದು, ಓದು ಅರ್ಧಕ್ಕೆ ನಿಲ್ಲಬಹುದು, ಮುಂದಿನ ವೀಸಾ ಅರ್ಜಿ ತಿರಸ್ಕಾರವಾಗಬಹುದು. ಎಂಟು ಗಂಟೆಯ ನೂರು ಪೌಂಡಿಗಾಗಿ ಇಪ್ಪತ್ತು ಲಕ್ಷದ ಶುಲ್ಕ ಮತ್ತು ಮನೆಯ ಸಾಲ ಎರಡೂ ಅಪಾಯಕ್ಕೆ ಬೀಳುತ್ತವೆ.

ಯಾವ ಕೆಲಸ ಆರಿಸಬೇಕು?

ಗಂಟೆಗಳಿಗೆ ಮಿತಿ ಇರುವವನು ಕೆಲಸವನ್ನು ಅಳೆಯುವ ರೀತಿಯೇ ಬೇರೆ. ಕೂಲಿ ಎಷ್ಟು ಎಂಬುದರ ಜೊತೆಗೆ, ಆ ಕೂಲಿಗಾಗಿ ಮನೆಯಿಂದ ಹೊರಗೆ ಕಳೆಯುವ ಒಟ್ಟು ಹೊತ್ತು ಎಷ್ಟು ಎಂದು ಕೇಳಬೇಕು. ಓದಿನ ಹೊತ್ತನ್ನು ತಿನ್ನುವುದು ಆ ಒಟ್ಟು ಹೊತ್ತು.

ಎರಡು ಕೆಲಸ ಹೋಲಿಸೋಣ. ಒಂದು, ಊರಾಚೆಯ ಗೋದಾಮಿನಲ್ಲಿ ಗಂಟೆಗೆ 13.50 ಪೌಂಡ್. ಬಸ್ಸಿನಲ್ಲಿ ಹೋಗಲು ಒಂದೂಕಾಲು ಗಂಟೆ, ಬರಲು ಅಷ್ಟೇ. ಇಂಗ್ಲೆಂಡಿನಲ್ಲಿ ಹೆಚ್ಚಿನ ಬಸ್ಸುಗಳಲ್ಲಿ ಒಂದು ಬದಿಯ ಪ್ರಯಾಣಕ್ಕೆ 3 ಪೌಂಡ್ ಗರಿಷ್ಠ ದರ. ನಾಲ್ಕು ಗಂಟೆಯ ಶಿಫ್ಟ್ ಸಿಕ್ಕರೆ 54 ಪೌಂಡ್ ಬಂತು, ಬಸ್ಸಿಗೆ 6 ಹೋಯಿತು, ಉಳಿದದ್ದು 48. ಕಳೆದ ಹೊತ್ತು ಆರೂವರೆ ಗಂಟೆ. ಅಂದರೆ ಗಂಟೆಗೆ 7 ಪೌಂಡ್ 38 ಪೆನ್ಸ್.

ಇನ್ನೊಂದು, ಕೋಣೆಯಿಂದ ಹತ್ತು ನಿಮಿಷ ನಡೆದರೆ ಸಿಗುವ ಅಂಗಡಿ. ಕೂಲಿ ಕನಿಷ್ಠ ದರ, 12.71. ನಾಲ್ಕು ಗಂಟೆಗೆ 50 ಪೌಂಡ್ 84 ಪೆನ್ಸ್, ಕಳೆದ ಹೊತ್ತು ನಾಲ್ಕು ಗಂಟೆ ಇಪ್ಪತ್ತು ನಿಮಿಷ. ಗಂಟೆಗೆ 11 ಪೌಂಡ್ 73 ಪೆನ್ಸ್. ಕಡಿಮೆ ಕೂಲಿಯ ಕೆಲಸವೇ ಹೆಚ್ಚು ಲಾಭದ್ದು. ಗೋದಾಮಿನವರು ಎಂಟು ಗಂಟೆಯ ಶಿಫ್ಟ್ ಕೊಟ್ಟರೆ ಅದೇ ಲೆಕ್ಕ 9 ಪೌಂಡ್ 71 ಪೆನ್ಸಿಗೆ ಏರುತ್ತದೆ. ದೂರದ ಕೆಲಸವಾದರೆ ಉದ್ದ ಶಿಫ್ಟ್, ಚಿಕ್ಕ ಶಿಫ್ಟ್ ಆದರೆ ಹತ್ತಿರದ ಕೆಲಸ ಎಂದು ನೆನಪಿಟ್ಟುಕೊಂಡರೆ ಸಾಕು.

ವಿಶ್ವವಿದ್ಯಾಲಯದೊಳಗಿನ ಕೆಲಸಗಳು ಈ ಅಳತೆಯಲ್ಲಿ ಮುಂದೆ ನಿಲ್ಲುತ್ತವೆ. ಗ್ರಂಥಾಲಯ, ಕ್ಯಾಂಪಸ್ಸಿನ ಅಂಗಡಿ ಮತ್ತು ಕ್ಯಾಂಟೀನು, ಹೊಸ ವಿದ್ಯಾರ್ಥಿಗಳಿಗೆ ಕ್ಯಾಂಪಸ್ ತೋರಿಸುವ ಕೆಲಸ ಇಂಥವು. ಓಡಾಟವಿಲ್ಲ, ಪರೀಕ್ಷೆ ಯಾವಾಗ ಎಂದು ಅವರಿಗೇ ಗೊತ್ತು, 20 ಗಂಟೆಯ ನಿಯಮವೂ ಗೊತ್ತು. ಆದರೆ ಇಲ್ಲಿ ಗಂಟೆಗಳು ಕಡಿಮೆ, ಪೈಪೋಟಿ ಹೆಚ್ಚು. ಊರಿನಲ್ಲಿರುವಾಗಲೇ ವಿಶ್ವವಿದ್ಯಾಲಯದ ಉದ್ಯೋಗ ಪುಟವನ್ನು ನೋಡಿ, ತಲುಪಿದ ಮೊದಲ ವಾರದಲ್ಲೇ ಅರ್ಜಿ ಹಾಕುವುದು ಒಳ್ಳೆಯದು. ಸೂಪರ್‌ಮಾರ್ಕೆಟ್‌ಗಳಲ್ಲಿ ವಾರಕ್ಕೆ ಇಷ್ಟು ಗಂಟೆ ಎಂದು ಒಪ್ಪಂದದಲ್ಲೇ ಬರೆದಿರುವ ಕೆಲಸ ಸಿಕ್ಕರೆ ತಿಂಗಳ ಬಾಡಿಗೆಗೆ ಅದು ಭದ್ರ. ಒಪ್ಪಂದದಲ್ಲಿ ಗಂಟೆಯೇ ಇಲ್ಲದ ಕೆಲಸದಲ್ಲಿ ಒಂದು ವಾರ ಹದಿನೆಂಟು ಗಂಟೆ ಸಿಗಬಹುದು, ಮುಂದಿನ ವಾರ ನಾಲ್ಕೇ ಸಿಗಬಹುದು.

ನಮ್ಮ ಮಕ್ಕಳು ಮೊದಲೇ ತೀರ್ಮಾನಿಸಬೇಕಾದ ಇನ್ನೊಂದು ವಿಷಯ ಇದೆ. ಪಬ್ಬುಗಳಲ್ಲಿ ಮದ್ಯ ಬಡಿಸುವುದು, ಅಡುಗೆಮನೆಯಲ್ಲಿ ಹಂದಿ ಮಾಂಸ ಮುಟ್ಟುವುದು ತನಗೆ ಆಗದು ಎನ್ನುವವರು ಅದನ್ನು ಅರ್ಜಿ ಹಾಕುವ ಮೊದಲೇ ಯೋಚಿಸಬೇಕು. ಅಲ್ಲಿಯ ಸೂಪರ್‌ಮಾರ್ಕೆಟ್‌ಗಳಲ್ಲೂ ಮದ್ಯ ಮಾರುತ್ತಾರೆ, ಬಿಲ್ ಮಾಡುವವರ ಕೈಗೆ ಬಾಟಲಿ ಬಂದೇ ಬರುತ್ತದೆ. ಗ್ರಂಥಾಲಯ, ಬಟ್ಟೆ ಅಂಗಡಿ, ಗೋದಾಮುಗಳಲ್ಲಿ ಈ ಇಕ್ಕಟ್ಟು ಸಾಮಾನ್ಯವಾಗಿ ಬರುವುದಿಲ್ಲ. ಶುಕ್ರವಾರ ಮಧ್ಯಾಹ್ನದ ಜುಮಾಗೆ ಬಿಡುವು ಬೇಕಿದ್ದರೆ ಸಂದರ್ಶನದಲ್ಲೇ ಕೇಳಬೇಕು. ಧರ್ಮದ ಕಾರಣಕ್ಕೆ ತಾರತಮ್ಯ ಮಾಡುವುದನ್ನು ಅಲ್ಲಿಯ 2010ರ ಸಮಾನತಾ ಕಾಯ್ದೆ ತಡೆಯುತ್ತದೆ. ಹಾಗೆಂದು ಕೇಳಿದ ಶಿಫ್ಟ್ ಪ್ರತಿ ಸಲವೂ ಸಿಗುತ್ತದೆ ಎಂಬ ಖಾತರಿ ಆ ಕಾಯ್ದೆಯಲ್ಲಿಲ್ಲ.

ಮುಟ್ಟಲೇಬಾರದ ಕೆಲಸಗಳು

ವಿದ್ಯಾರ್ಥಿ ವೀಸಾದಲ್ಲಿ ಸ್ವಂತ ವ್ಯವಹಾರಕ್ಕೆ ಅವಕಾಶವಿಲ್ಲ. ಗಂಟೆ ಎಷ್ಟೇ ಕಡಿಮೆಯಿದ್ದರೂ ಇಲ್ಲ. ಮೊಬೈಲ್ ಆ್ಯಪ್ ಮೂಲಕ ಊಟ ತಲುಪಿಸುವ ಕೆಲಸ ಸುಲಭವಾಗಿ ಕಾಣುತ್ತದೆ. ಆದರೆ ಅಲ್ಲಿ ಆ ಕೆಲಸಗಾರರು ಸಾಮಾನ್ಯವಾಗಿ ಕಂಪನಿಯ ನೌಕರರಲ್ಲ, ಸ್ವಂತ ವ್ಯವಹಾರಸ್ಥರೆಂದು ಲೆಕ್ಕ. ಆದ್ದರಿಂದ ವಾರಕ್ಕೆ ಎರಡು ಗಂಟೆ ಮಾಡಿದರೂ ಅದು ಉಲ್ಲಂಘನೆ. ಬೇರೆಯವರ ಹೆಸರಿನ ಖಾತೆಯನ್ನು ಬಾಡಿಗೆಗೆ ಪಡೆದು ಓಡಿಸುವುದು ಇನ್ನೂ ದೊಡ್ಡ ಅಪಾಯ. ಮನೆಪಾಠ ಹೇಳಿ ನೇರ ಹಣ ಪಡೆಯುವುದು, ಆನ್‌ಲೈನ್‌ನಲ್ಲಿ ಬಿಡಿ ಕೆಲಸ ಹಿಡಿಯುವುದು, ವಿಡಿಯೊ ಚಾನೆಲ್‌ನಿಂದ ಹಣ ಗಳಿಸುವುದು ಇವೂ ಇದೇ ಗುಂಪಿಗೆ ಸೇರುತ್ತವೆ.

ಪರೀಕ್ಷೆ ಮಾಡುವ ದಾರಿ ಹೀಗಿದೆ. ಕೆಲಸ ಕೊಡುವವರು ವೀಸಾ ಪರಿಶೀಲನೆಗೆ ಶೇರ್ ಕೋಡ್ ಕೇಳುತ್ತಾರೆಯೇ? ಬರಹದಲ್ಲಿ ಒಪ್ಪಂದ ಕೊಡುತ್ತಾರೆಯೇ? ತೆರಿಗೆ ಕಡಿತ ತೋರಿಸುವ ಸಂಬಳದ ಚೀಟಿ ಕೊಡುತ್ತಾರೆಯೇ? ಮೂರಕ್ಕೂ ಹೌದು ಎಂದರೆ ಅದು ನೌಕರಿ. "ಬಿಲ್ ಕಳಿಸು, ಹಣ ಹಾಕುತ್ತೇವೆ" ಎಂದರೆ ಅದು ನೌಕರಿಯಲ್ಲ. "ಕೈಗೆ ನಗದು ಕೊಡುತ್ತೇವೆ, ಚೀಟಿ ಬೇಡ" ಎಂದರೆ ಕನಿಷ್ಠ ಕೂಲಿಯೂ ಸಿಗದಿರಬಹುದು, ದೂರು ಕೊಡಲು ಕಾಗದವೂ ಇರುವುದಿಲ್ಲ. ಇನ್ನು, ಕೆಲಸ ಹುಡುಕಿಕೊಡುವುದಕ್ಕೆ ಏಜೆನ್ಸಿ ಅಭ್ಯರ್ಥಿಯಿಂದ ಹಣ ಕೇಳುವುದು ಅಲ್ಲಿ ಕಾನೂನುಬಾಹಿರ. ಇಲ್ಲಿಂದಲೇ ಹಣ ಪಡೆದು "ಪಾರ್ಟ್ ಟೈಮ್ ಕೆಲಸ ಗ್ಯಾರಂಟಿ" ಎನ್ನುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಸಂಬಳದ ಚೀಟಿಯಲ್ಲಿ ನೋಡಬೇಕಾದ ಎರಡು ಸಾಲು

ಮೊದಲನೆಯದು ತೆರಿಗೆಯ ಕೋಡ್. ಅಲ್ಲಿ ವರ್ಷಕ್ಕೆ 12,570 ಪೌಂಡ್‌ವರೆಗಿನ ಗಳಿಕೆಗೆ ಆದಾಯ ತೆರಿಗೆ ಇಲ್ಲ. ನಮ್ಮ ಲೆಕ್ಕದ 5,338 ಪೌಂಡ್‌ಗೆ ತೆರಿಗೆ ಬರುವುದೇ ಇಲ್ಲ. ಚೀಟಿಯಲ್ಲಿ 1257L ಎಂದಿದ್ದರೆ ಈ ವಿನಾಯಿತಿ ಸಿಗುತ್ತಿದೆ ಎಂದರ್ಥ. BR ಎಂದಿದ್ದರೆ ಮೊದಲ ಪೌಂಡಿನಿಂದಲೇ ನೂರಕ್ಕೆ 20 ಕಡಿತವಾಗುತ್ತದೆ, ಅಂದರೆ ವಾರಕ್ಕೆ 35 ಪೌಂಡಿಗೂ ಹೆಚ್ಚು. ಸೇರುವಾಗ ತುಂಬಬೇಕಾದ ಹೊಸ ನೌಕರರ ಫಾರ್ಮನ್ನು ತುಂಬದಿದ್ದರೂ ಮೊದಲ ಪೌಂಡಿನಿಂದಲೇ ಕಡಿತವಾಗಬಹುದು. ಎರಡನೆಯ ಕೆಲಸಕ್ಕೆ ಸಾಮಾನ್ಯವಾಗಿ BR ಕೋಡ್ ಬೀಳುತ್ತದೆ. ತೆರಿಗೆ ಇಲಾಖೆಗೆ ತಿಳಿಸಿದರೆ ಕೋಡ್ ಸರಿಯಾಗುತ್ತದೆ, ಹೆಚ್ಚು ಕಟ್ಟಿದ ಹಣವೂ ಮರಳಿ ಬರುತ್ತದೆ.

ಎರಡನೆಯದು ರಜೆಯ ಹಣ. ಅರೆಕಾಲಿಕ ನೌಕರನಿಗೂ ಸಂಬಳ ಸಹಿತ ರಜೆಯ ಹಕ್ಕು ಅಲ್ಲಿ ಇದೆ. ಗಂಟೆಗಳು ಏರುಪೇರಾಗುವ ಕೆಲಸದಲ್ಲಿ ಅದು ದುಡಿದ ಗಂಟೆಯ ನೂರಕ್ಕೆ 12.07 ಪಾಲು. ನಮ್ಮ ವಿದ್ಯಾರ್ಥಿಯ ಲೆಕ್ಕದಲ್ಲಿ ವಾರಕ್ಕೆ 21 ಪೌಂಡ್‌ಗಿಂತ ಹೆಚ್ಚು, 30 ವಾರಕ್ಕೆ ಸುಮಾರು 644 ಪೌಂಡ್, ಅಂದರೆ 77 ಸಾವಿರ ರೂಪಾಯಿ. ಕೆಲವರು ಇದನ್ನು ಪ್ರತಿ ಸಂಬಳದ ಜೊತೆಯೇ ಕೊಡುತ್ತಾರೆ. ಹಾಗೆ ಕೊಟ್ಟರೆ ಚೀಟಿಯಲ್ಲಿ ಬೇರೆ ಸಾಲಾಗಿ ಕಾಣಬೇಕು. ಕಾಣದಿದ್ದರೆ, ರಜೆಯನ್ನೂ ತೆಗೆದುಕೊಳ್ಳದಿದ್ದರೆ, ಕೆಲಸ ಬಿಡುವಾಗ ಬಾಕಿ ಕೇಳಿ ಪಡೆಯಬೇಕು. ಕೆಲವೇ ತಿಂಗಳ ಕೆಲಸ ಎಂದು ಸುಮ್ಮನೆ ಬಿಟ್ಟು ಬರಬಾರದು.

ಅರ್ಜಿದಾರರಿಗೆ ಮತ್ತು ದಾನಿಗಳಿಗೆ

ಬ್ರಿಟನ್‌ಗೆ ಹೋಗಲು ನಮ್ಮ ಟ್ರಸ್ಟಿನ ನೆರವು ಕೇಳುವ ವಿದ್ಯಾರ್ಥಿಗಳು ಅರ್ಜಿಯ ಜೊತೆ ಎರಡು ಕಾಗದ ಲಗತ್ತಿಸಬೇಕು. ಒಂದು, ತಮ್ಮ ಕೋರ್ಸಿನ ಟರ್ಮ್ ಮತ್ತು ರಜೆಯ ದಿನಾಂಕಗಳು. ಎರಡು, ಖರ್ಚಿನ ಪಟ್ಟಿ. ಅದರಲ್ಲಿ ಶುಲ್ಕ ಮತ್ತು ಮೊದಲ ಮೂರು ತಿಂಗಳ ಜೀವನ ವೆಚ್ಚಕ್ಕೆ ದುಡಿಮೆಯ ಹಣವನ್ನು ತೋರಿಸಬಾರದು. ಉಳಿದ ತಿಂಗಳಿಗೆ ವಾರಕ್ಕೆ 14 ಗಂಟೆಗಿಂತ ಹೆಚ್ಚು ಹಿಡಿಯಬಾರದು. ತಂದೆ ತಾಯಿಗಳು ಪಟ್ಟಿಯನ್ನು ಓದಿಸಿಕೊಂಡು, ಅರ್ಥ ಮಾಡಿಕೊಂಡು ಸಹಿ ಹಾಕಬೇಕು. ಊರಿನಿಂದ ಫೋನ್ ಮಾಡಿದಾಗ "ಈ ತಿಂಗಳು ಎಷ್ಟು ಕಳಿಸ್ತೀಯಪ್ಪಾ" ಎಂದು ಕೇಳುವ ಮೊದಲು ಮೇಲಿನ ಲೆಕ್ಕವನ್ನು ನೆನೆಯಿರಿ. ಓದುವ ವರ್ಷದಲ್ಲಿ ಅಲ್ಲಿಂದ ಸಾಲದ ಕಂತು ಬರುತ್ತದೆ ಎಂದು ನಂಬಿ ಕೂತರೆ, ಮಕ್ಕಳು ಇಪ್ಪತ್ತು ಗಂಟೆಯ ಗೆರೆ ದಾಟುವಂತೆ ನಾವೇ ದೂಡಿದಂತಾಗುತ್ತದೆ.

ದಾನಿಗಳಲ್ಲಿ ಕೆಲವರು ಕೇಳುವುದುಂಟು: ಹತ್ತು ಮಕ್ಕಳಿಗೆ ಸ್ವಲ್ಪ ಸ್ವಲ್ಪ ಕೊಡುವ ಬದಲು ಒಬ್ಬರ ಕೊರತೆಯನ್ನು ಪೂರ್ತಿ ತುಂಬುವುದೇಕೆ ಎಂದು. ಉತ್ತರ ಈ ಲೆಕ್ಕದಲ್ಲೇ ಇದೆ. ಶುಲ್ಕದಲ್ಲಿ ಎರಡು ಲಕ್ಷದ ಕೊರತೆ ಉಳಿಸಿ ಕಳಿಸಿದರೆ, ಅದನ್ನು ತುಂಬಲು ಆ ಹುಡುಗ ಕನಿಷ್ಠ ಕೂಲಿಯಲ್ಲಿ ಇನ್ನೂ 131 ಗಂಟೆ ದುಡಿಯಬೇಕು. ಊಟದ ಖರ್ಚಿಗೇ ಸಾಲದ ಗಂಟೆಗಳಲ್ಲಿ ಆ 131 ಗಂಟೆಗೆ ಜಾಗವಿಲ್ಲ.